ಬೆನ್ನಟ್ಟುವ ದೃಶ್ಯದ ಶಾಟ್ ಪಟ್ಟಿ ಮತ್ತು ಸ್ಟೋರಿಬೋರ್ಡ್: ಕಿರು ಅನಿಮೇಷನ್ ಚಿತ್ರಗಳಲ್ಲಿ

ಕಿರು ಅನಿಮೇಷನ್ ಚಿತ್ರವೊಂದರಲ್ಲಿ ಒಂದು ಪಾತ್ರ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನು ಚಲಿಸುವ ಚಿತ್ರಗಳಾಗಿ ಬಿಡಿಸಲು ಕೂರುವ ಮೊದಲು ಸಿದ್ಧವಾಗಬೇಕಾದ ದಾಖಲೆಗಳು ಎರಡು: ಶಾಟ್ ಪಟ್ಟಿ ಮತ್ತು ಸ್ಟೋರಿಬೋರ್ಡ್. ಒಂದು ಕಟ್‌ನಿಂದ ಮುಂದಿನ ಕಟ್‌ವರೆಗೆ ತೆರೆಯ ಮೇಲೆ ಎಡೆಬಿಡದೆ ಕಾಣುವ ಭಾಗಕ್ಕೆ ಶಾಟ್ ಎನ್ನುತ್ತಾರೆ. ದೃಶ್ಯದಲ್ಲಿ ಬರುವ ಶಾಟ್‌ಗಳನ್ನೆಲ್ಲ ಸಂಖ್ಯೆ ಕೊಟ್ಟು, ಪ್ರತಿಯೊಂದರ ಮುಂದೆ ಕ್ಯಾಮೆರಾದ ದೂರ ಮತ್ತು ಎತ್ತರ, ಪಾತ್ರಗಳ ಕ್ರಿಯೆ, ಓಟದ ದಿಕ್ಕು, ಅವಧಿ ಮುಂತಾದವನ್ನು ಮಾತಿನಲ್ಲಿ ಬರೆದಿಟ್ಟರೆ ಅದು ಶಾಟ್ ಪಟ್ಟಿ. ಅದೇ ಶಾಟ್‌ಗಳನ್ನು ತೆರೆಯ ಅಳತೆಗೆ ಹೊಂದುವ ಚೌಕಗಳಲ್ಲಿ ಒಂದಾದ ಮೇಲೊಂದರಂತೆ ಗೆರೆಚಿತ್ರಗಳಾಗಿ ಬಿಡಿಸಿದರೆ ಅದು ಸ್ಟೋರಿಬೋರ್ಡ್. ಈ ಚೌಕಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ನಿಜವಾದ ಅವಧಿಗೆ ಜೋಡಿಸಿ ಓಡಿಸಿ ನೋಡುವ ಮೂರನೆಯ ರೂಪಕ್ಕೆ ಅನಿಮ್ಯಾಟಿಕ್ ಎಂಬ ಹೆಸರಿದೆ.

ನಟರನ್ನಿಟ್ಟು ತೆಗೆಯುವ ಚಿತ್ರದಲ್ಲಿ ಒಂದೇ ಓಟವನ್ನು ನಾಲ್ಕಾರು ಕಡೆಯಿಂದ ಚಿತ್ರೀಕರಿಸಿಕೊಂಡು, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಂಕಲನದ ಮೇಜಿನ ಮೇಲೆ ತೀರ್ಮಾನಿಸಲು ಅವಕಾಶವಿರುತ್ತದೆ. ಅನಿಮೇಷನ್‌ನಲ್ಲಿ ಆ ಅವಕಾಶವಿಲ್ಲ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಓಡುವ ಚಿತ್ರದಲ್ಲಿ ಪ್ರತಿ ಫ್ರೇಮ್‌ಗೂ ಹೊಸ ಚಿತ್ರ ಬಿಡಿಸಿದರೆ ಸೆಕೆಂಡಿಗೆ 24, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರಗಳು ಬೇಕಾಗುವುದರಿಂದ, ಬಳಸದೆ ಬಿಸಾಡುವ ಒಂದು ಶಾಟ್ ಎಂದರೆ ಚಿತ್ರಕಾರನೊಬ್ಬನ ಹಲವು ದಿನಗಳ ದುಡಿಮೆ. ಆದ್ದರಿಂದ ಅನಿಮೇಷನ್ ಚಿತ್ರದ ಸಂಕಲನ ಬಹುಮಟ್ಟಿಗೆ ಚಿತ್ರೀಕರಣಕ್ಕೆ ಮುಂಚೆಯೇ, ಸ್ಟೋರಿಬೋರ್ಡಿನ ಮೇಲೆಯೇ ಮುಗಿದುಹೋಗುತ್ತದೆ. ಕಟ್‌ಗಳು ಹೆಚ್ಚು, ಪ್ರತಿ ಶಾಟ್‌ನ ಆಯುಸ್ಸು ಕಡಿಮೆ, ಸ್ಥಳ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ ಎಂಬ ಕಾರಣಕ್ಕೆ ಬೆನ್ನಟ್ಟುವ ದೃಶ್ಯದಲ್ಲಿ ಈ ಮುಂಗಡ ಸಂಕಲನ ತಪ್ಪಿದರೆ ಆಗುವ ನಷ್ಟವೂ ಹೆಚ್ಚು.

ಹಿನ್ನೆಲೆ

ಗೆರೆಚಿತ್ರಗಳನ್ನು ಬಿಡಿಬಿಡಿ ಹಾಳೆಗಳಲ್ಲಿ ಬರೆದು ದೊಡ್ಡ ಹಲಗೆಗೆ ಪಿನ್ನು ಚುಚ್ಚಿ ಸಾಲಾಗಿ ನಿಲ್ಲಿಸುವ ಪದ್ಧತಿ 1930ರ ದಶಕದ ಆರಂಭದಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋದಲ್ಲಿ ಬೇರೂರಿತು. ಅದರ ಶ್ರೇಯವನ್ನು ಸಾಮಾನ್ಯವಾಗಿ ಅಲ್ಲಿನ ಕಥಾಚಿತ್ರಕಾರ ವೆಬ್ ಸ್ಮಿತ್‌ಗೆ ಕೊಡುತ್ತಾರೆ. ಹಾಳೆಗಳು ಬಿಡಿಯಾಗಿದ್ದುದೇ ಈ ಪದ್ಧತಿಯ ತಿರುಳು. ಇಷ್ಟವಾಗದ ಶಾಟ್ ಒಂದನ್ನು ಕಿತ್ತು, ಅದರ ಜಾಗಕ್ಕೆ ಇನ್ನೊಂದನ್ನು ಸಿಕ್ಕಿಸಿ, ಇಡೀ ದೃಶ್ಯವನ್ನು ಒಂದೇ ನೋಟದಲ್ಲಿ ಮತ್ತೆ ಓದಿಕೊಳ್ಳಲು ಅದರಿಂದ ಸಾಧ್ಯವಾಯಿತು. ಬೆನ್ನಟ್ಟುವಿಕೆಯನ್ನೇ ಕಥಾವಸ್ತುವಾಗಿ ಮಾಡಿಕೊಂಡ ಅಮೆರಿಕದ ಎರಡು ಪ್ರಸಿದ್ಧ ಕಿರುಚಿತ್ರ ಸರಣಿಗಳು, ಅಂದರೆ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಅವರು 1940ರಲ್ಲಿ ಆರಂಭಿಸಿದ ಟಾಮ್ ಮತ್ತು ಜೆರ್ರಿ ಹಾಗೂ ಚಕ್ ಜೋನ್ಸ್ 1949ರಲ್ಲಿ ಆರಂಭಿಸಿದ ರೋಡ್ ರನ್ನರ್, ಬೆಳೆದದ್ದು ಈ ಪದ್ಧತಿ ನೆಲೆನಿಂತ ಮೇಲೆ. ಭಾರತದಲ್ಲಿ, ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಅಲ್ಲಿನ ಕಾರ್ಟೂನ್ ವಿಭಾಗದ ಚಿತ್ರಕಾರರಿಗೆ ತರಬೇತಿ ಕೊಟ್ಟರು. ಮುಂದೆ ಭಾರತೀಯ ಅನಿಮೇಷನ್‌ನ ಹಿರಿಯರೆನಿಸಿದ ರಾಮ್ ಮೋಹನ್ ಆ ವಿಭಾಗದಲ್ಲಿ ಪಳಗಿದವರು.

ಆಧುನಿಕ ಕಿರುಚಿತ್ರಗಳ ಪೈಕಿ ನಿಕ್ ಪಾರ್ಕ್ 1993ರಲ್ಲಿ ನಿರ್ದೇಶಿಸಿದ 'ದ ರಾಂಗ್ ಟ್ರೌಸರ್ಸ್' ಚಿತ್ರದ ಕೊನೆಯಲ್ಲಿ ಬರುವ ಆಟಿಕೆ ರೈಲಿನ ಬೆನ್ನಟ್ಟುವಿಕೆ ಈ ವಿದ್ಯೆಯ ಅಭ್ಯಾಸಿಗಳು ಮತ್ತೆ ಮತ್ತೆ ಬಿಡಿಸಿ ನೋಡುವ ಮಾದರಿ. ಜೇಡಿಮಣ್ಣಿನ ಬೊಂಬೆಗಳನ್ನು ಫ್ರೇಮ್‌ಗೊಮ್ಮೆ ಸರಿಸಿ ತೆಗೆದ ಆ ದೃಶ್ಯದಲ್ಲಿ ಕ್ಯಾಮೆರಾವನ್ನು ರೈಲಿನ ಜೊತೆಗೇ ಸರಿಸುತ್ತ, ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟು, ಹಿಂದಿನ ಗೋಡೆ ಮಸುಕಾಗಿ ಹರಿಯುವಂತೆ ಮಾಡಲಾಗಿದೆ. ಆದರೆ ಆ ದೃಶ್ಯದ ಗಟ್ಟಿತನ ಮಸುಕಿನಲ್ಲಿಲ್ಲ. ಕದ್ದ ವಜ್ರದೊಂದಿಗೆ ಓಡುವ ಪೆಂಗ್ವಿನ್, ಅದರ ಹಿಂದೆ ಬೀಳುವ ನಾಯಿ ಇಬ್ಬರೂ ಹಳಿಯ ಮೇಲೆಯೇ ಇರುವುದರಿಂದ ಯಾರು ಎಲ್ಲಿದ್ದಾರೆ, ಯಾರಿಗೆ ಯಾರು ಎಷ್ಟು ಹತ್ತಿರವಾದರು ಎಂಬುದು ನೋಡುಗನಿಗೆ ಯಾವ ಕ್ಷಣದಲ್ಲೂ ಸಂದೇಹವಾಗುವುದಿಲ್ಲ. ಹಳಿ ಮುಗಿದಾಗ ನಾಯಿ ತಾನೇ ಮುಂದೆ ಹಳಿ ಜೋಡಿಸುತ್ತ ಹೋಗುವ ವಿನೋದಕ್ಕೆ ನೆಲೆಯಾಗಿರುವುದೂ ಆ ಸ್ಪಷ್ಟತೆಯೇ.

ಅಂತರವೆಂಬ ಆಧಾರ

ಬೆನ್ನಟ್ಟುವ ದೃಶ್ಯವೆಂದರೆ ವೇಗದ ದೃಶ್ಯ ಎಂದು ತಿಳಿಯುವುದು ಸಹಜ. ಆದರೆ ಇಬ್ಬರು ಒಂದೇ ವೇಗದಲ್ಲಿ, ಒಂದೇ ಅಂತರ ಉಳಿಸಿಕೊಂಡು ಎಷ್ಟೇ ರಭಸದಿಂದ ಓಡಿದರೂ ನೋಡುಗನಿಗೆ ಅಲ್ಲಿ ಏನೂ ನಡೆಯುತ್ತಿರುವಂತೆ ಅನ್ನಿಸುವುದಿಲ್ಲ. ಕಥೆ ನಡೆಯುವುದು ಓಡುವವನಿಗೂ ಅಟ್ಟಿಸುವವನಿಗೂ ನಡುವಿನ ಅಂತರ ಹೆಚ್ಚಿದಾಗ ಅಥವಾ ಕಡಿಮೆಯಾದಾಗ. ಆದಕಾರಣ ಬೆನ್ನಟ್ಟುವ ದೃಶ್ಯದ ಶಾಟ್ ಪಟ್ಟಿಯಲ್ಲಿ ಕ್ಯಾಮೆರಾ, ಕ್ರಿಯೆ, ಅವಧಿಗಳ ಅಂಕಣಗಳ ಜೊತೆಗೆ ಅಂತರಕ್ಕೆಂದೇ ಒಂದು ಅಂಕಣ ಇಡುವುದು ಅತ್ಯಂತ ಉಪಯುಕ್ತ. ಒಂದು ಶಾಟ್ ಮುಗಿಯುವ ಹೊತ್ತಿಗೆ ಅಂತರ ಅದು ಶುರುವಾದಾಗ ಇದ್ದಷ್ಟೇ ಇದ್ದು, ಆ ಶಾಟ್ ಬೇರೆ ಹೊಸ ಸಂಗತಿಯನ್ನೂ ತಿಳಿಸದಿದ್ದರೆ ಅದನ್ನು ಪಟ್ಟಿಯ ಹಂತದಲ್ಲೇ ಹೊಡೆದುಹಾಕಬಹುದು. ಈ ಒಂದೇ ಪರೀಕ್ಷೆಯಿಂದ ಕರಡಿನ ಎಷ್ಟೋ ಶಾಟ್‌ಗಳು ಉದುರಿಹೋಗುತ್ತವೆ.

ಪಟ್ಟಿಗೂ ಮೊದಲು ಬೇಕಾದದ್ದು ಸ್ಥಳದ ನಕ್ಷೆ. ಮೇಲಿನಿಂದ ನೋಡಿದಂತೆ ಬೀದಿ, ಗೋಡೆ, ಮೆಟ್ಟಿಲುಗಳನ್ನು ಗುರುತಿಸಿ, ಓಟದ ಹಾದಿಯನ್ನು ಒಂದು ಗೆರೆಯಾಗಿ ಎಳೆದು, ಆ ಗೆರೆಯ ಯಾವ ಮಗ್ಗುಲಲ್ಲಿ ಕ್ಯಾಮೆರಾ ನಿಲ್ಲುತ್ತದೆ ಎಂಬುದನ್ನು ಶಾಟ್ ಸಂಖ್ಯೆಯೊಡನೆ ಬರೆದುಕೊಳ್ಳಬೇಕು. ಅಕ್ಷರೇಖೆ ಎನ್ನುವುದು ಈ ಹಾದಿಯ ಗೆರೆಯನ್ನೇ. ಕ್ಯಾಮೆರಾ ಅದರ ಒಂದೇ ಮಗ್ಗುಲಲ್ಲಿ ಇರುವಷ್ಟು ಹೊತ್ತು ಪಾತ್ರಗಳು ತೆರೆಯ ಮೇಲೆ ಒಂದೇ ದಿಕ್ಕಿಗೆ ಓಡುತ್ತವೆ. ಒಂದು ಕಟ್‌ನಲ್ಲಿ ಅದು ಗೆರೆ ದಾಟಿ ಆಚೆ ಮಗ್ಗುಲಿಗೆ ಹೋದರೆ, ಹಾದಿ ಬದಲಾಗದಿದ್ದರೂ, ಎಡದಿಂದ ಬಲಕ್ಕೆ ಓಡುತ್ತಿದ್ದ ಪಾತ್ರ ಬಲದಿಂದ ಎಡಕ್ಕೆ ಓಡತೊಡಗುತ್ತದೆ.

ಉದಾಹರಣೆ: ಸಂತೆಯಲ್ಲಿ ಬೆಕ್ಕು ಮತ್ತು ಹುಡುಗ

ಕ್ರಮವನ್ನು ವಿವರಿಸಲು ಈ ಲೇಖನಕ್ಕಾಗಿಯೇ ಕಲ್ಪಿಸಿಕೊಂಡ ದೃಶ್ಯವೊಂದನ್ನು ಇಲ್ಲಿ ಇಡಲಾಗಿದೆ. ಕರಾವಳಿಯ ಒಂದು ವಾರದ ಸಂತೆಯಲ್ಲಿ ಮೀನಿನ ಬುಟ್ಟಿ ಕಾಯುತ್ತ ಕುಳಿತ ಹುಡುಗನ ಕಣ್ಣು ತಪ್ಪಿಸಿ ಬೆಕ್ಕೊಂದು ಬಂಗುಡೆ ಕಚ್ಚಿಕೊಂಡು ಓಡುತ್ತದೆ. ಹುಡುಗ ಸಂತೆಯ ಸಾಲು, ಓಣಿ, ಮೆಟ್ಟಿಲುಗಳ ಮೂಲಕ ಕಡಲದಂಡೆಯವರೆಗೆ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ದಂಡೆಗೆ ಎಳೆದಿಟ್ಟ ದೋಣಿಯ ಮೇಲೆ ಬೆಕ್ಕನ್ನು ಇನ್ನೇನು ಹಿಡಿಯಬೇಕು ಎನ್ನುವಾಗ ಹದ್ದೊಂದು ಎರಗಿ ಮೀನನ್ನು ಎತ್ತಿಕೊಂಡು ಹೋಗುತ್ತದೆ. ಮಾತಿಲ್ಲದ ಈ ದೃಶ್ಯಕ್ಕೆ 16 ಶಾಟ್‌ಗಳು, ಒಟ್ಟು 912 ಫ್ರೇಮ್‌ಗಳು, ಅಂದರೆ 38 ಸೆಕೆಂಡುಗಳು. ಶಾಟ್‌ಗಳಿಗೆ 1, 2, 3 ಎಂದು ಸಂಖ್ಯೆ ಕೊಡದೆ 10, 20, 30 ಎಂದು ಹತ್ತರ ಅಂತರದಲ್ಲಿ ಕೊಡುವುದು ಹಲವು ಸ್ಟುಡಿಯೋಗಳ ರೂಢಿ. ನಡುವೆ ಹೊಸ ಶಾಟ್ ಬೇಕಾದರೆ ಉಳಿದವುಗಳ ಸಂಖ್ಯೆ ಕೆಡಿಸದೆ 75 ಎಂದೋ 85 ಎಂದೋ ಸೇರಿಸಲು ಅದರಿಂದ ಅನುಕೂಲವಾಗುತ್ತದೆ.

ಶಾಟ್ 10 ಎತ್ತರದಿಂದ ನೋಡಿದ ಇಡೀ ಸಂತೆ. ತೆರೆಯ ಎಡಕ್ಕೆ ಕಡಲು, ಬಲಕ್ಕೆ ಊರಿನ ಓಣಿಗಳು ಕಾಣುತ್ತವೆ, ಒಂದು ಹದ್ದಿನ ನೆರಳು ಅಂಗಡಿಗಳ ಮಾಡಿನ ಮೇಲೆ ಹಾದುಹೋಗುತ್ತದೆ. ಇದಕ್ಕೆ 96 ಫ್ರೇಮ್, ಅಂದರೆ 4 ಸೆಕೆಂಡು ಕೊಡಬೇಕು. ಬೆನ್ನಟ್ಟುವಿಕೆ ಇನ್ನೂ ಆರಂಭವಾಗದಿರುವಾಗ ಇಷ್ಟು ಹೊತ್ತು ಏಕೆ ಎಂದು ಹೊಸಬರು ಇದನ್ನು ಕತ್ತರಿಸುವುದುಂಟು. ಆದರೆ ಮುಂದಿನ 34 ಸೆಕೆಂಡುಗಳಲ್ಲಿ ನೋಡುಗ ದಾರಿ ತಪ್ಪದಿರುವುದು ಈ ಶಾಟ್‌ನಲ್ಲಿ ಕಡಲು ಯಾವ ಕಡೆ ಇದೆ ಎಂದು ಅವನು ಕಂಡುಕೊಂಡಿರುವುದರಿಂದ. ಶಾಟ್ 20ರಲ್ಲಿ ಬೆಕ್ಕು ಬುಟ್ಟಿಯಿಂದ ಮೀನನ್ನು ಎಳೆಯುತ್ತದೆ (72 ಫ್ರೇಮ್), ಶಾಟ್ 30ರಲ್ಲಿ ಹುಡುಗನ ಮುಖ ತಟ್ಟನೆ ತಿರುಗುತ್ತದೆ (24 ಫ್ರೇಮ್). ಶಾಟ್ 40ರಲ್ಲಿ ಇಬ್ಬರೂ ಎಡದಿಂದ ಬಲಕ್ಕೆ, ಅಂದರೆ ಕಡಲಿಗೆ ಬೆನ್ನು ಹಾಕಿ, ಅಂಗಡಿ ಸಾಲಿನುದ್ದಕ್ಕೂ ಓಡುತ್ತಾರೆ (96 ಫ್ರೇಮ್). ಅಂತರ ಅರ್ಧ ತೆರೆಯಿಂದ ಕಾಲು ತೆರೆಗೆ ಇಳಿಯುತ್ತದೆ. ಶಾಟ್ 50ರಲ್ಲಿ ಕ್ಯಾಮೆರಾ ಬೆಕ್ಕಿನ ಕಣ್ಣಿನ ಎತ್ತರಕ್ಕೆ ಇಳಿದು, ಅದು ಕೈಗಾಡಿಯೊಂದರ ಅಡಿಯಿಂದ ನುಸುಳುವುದನ್ನು ತೋರಿಸುತ್ತದೆ (48 ಫ್ರೇಮ್). ಶಾಟ್ 60ರಲ್ಲಿ ಹುಡುಗ ಅದೇ ಗಾಡಿಗೆ ತಡೆದು ಸುತ್ತಿ ಬರಬೇಕಾಗುತ್ತದೆ (60 ಫ್ರೇಮ್), ಅಂತರ ಮತ್ತೆ ಹಿಗ್ಗುತ್ತದೆ. ಪಾತ್ರಗಳ ಎತ್ತರದ ವ್ಯತ್ಯಾಸವೇ ಇಲ್ಲಿ ಅಂತರವನ್ನು ಬದಲಿಸುವ ಕಾರಣವಾಗಿರುವುದನ್ನು ಗಮನಿಸಬೇಕು. ಹೊರಗಿನಿಂದ ತಂದ ಆಕಸ್ಮಿಕಗಳಿಗಿಂತ ಪಾತ್ರದ ದೇಹದಿಂದಲೇ ಹುಟ್ಟುವ ತಡೆಗಳು ಯಾವಾಗಲೂ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ.

ಶಾಟ್ 70ರಲ್ಲಿ (48 ಫ್ರೇಮ್) ಓಣಿಯ ತುದಿಯಲ್ಲಿ ನಿಂತ ಕ್ಯಾಮೆರಾದ ಕಡೆಗೇ ಇಬ್ಬರೂ ಓಡಿಬಂದು, ತಿರುವಿನಲ್ಲಿ ತೆರೆಯ ಎಡ ಅಂಚಿನಿಂದ ಹೊರಬೀಳುತ್ತಾರೆ. ಶಾಟ್ 80ರಲ್ಲಿ ಬಲದಿಂದ ಒಳಬಂದು ಎಡಕ್ಕೆ, ಅಂದರೆ ಈಗ ಕಡಲಿನತ್ತ, ಸುಣ್ಣದ ಗೋಡೆಯೊಂದರ ಬದಿಯಲ್ಲಿ ಓಡುತ್ತಾರೆ (72 ಫ್ರೇಮ್); ಗೋಡೆಯ ಮೇಲೆ ಹದ್ದಿನ ನೆರಳು ಎರಡನೆಯ ಸಲ ಸುಳಿಯುತ್ತದೆ. ಶಾಟ್ 90 ಹುಡುಗನ ಕಣ್ಣಿಗೆ ಕಂಡಂತೆ, ಬೆಕ್ಕಿನ ಬಾಲ ಅವನ ಬೆರಳ ತುದಿಗೆ ಸಿಕ್ಕೀತು ಎನ್ನುವಷ್ಟು ಹತ್ತಿರ (36 ಫ್ರೇಮ್). ಶಾಟ್ 100 ಬೆಕ್ಕಿನ ಪಾದಗಳು, ಶಾಟ್ 110 ಹುಡುಗನ ಬರಿಗಾಲು, ಒಂದೊಂದಕ್ಕೆ 12 ಫ್ರೇಮ್. ಶಾಟ್ 120ರಲ್ಲಿ ದಂಡೆಗಿಳಿಯುವ ಮೆಟ್ಟಿಲು ದೂರದಿಂದ ಪೂರ್ತಿಯಾಗಿ ಕಾಣುತ್ತದೆ (96 ಫ್ರೇಮ್). ಬೆಕ್ಕು ಮೆಟ್ಟಿಲು ಹಾರುತ್ತದೆ, ಹುಡುಗ ಪಕ್ಕದ ಮರಳಿನ ಇಳಿಜಾರಿನಲ್ಲಿ ಜಾರಿ ಅದರ ಸಮಕ್ಕೆ ಬರುತ್ತಾನೆ. ಶಾಟ್ 130ರಲ್ಲಿ ದೋಣಿಯ ಅಂಚಿನ ಮೇಲೆ ಇಬ್ಬರೂ ಮುಖಾಮುಖಿ (72 ಫ್ರೇಮ್), 140ರಲ್ಲಿ ಇಬ್ಬರ ಮೇಲೂ ನೆರಳು ಬೀಳುತ್ತದೆ (48 ಫ್ರೇಮ್), 150ರಲ್ಲಿ ಹದ್ದು ಮೀನನ್ನು ಕಸಿಯುತ್ತದೆ (24 ಫ್ರೇಮ್), 160ರಲ್ಲಿ ಹುಡುಗ, ಬೆಕ್ಕು ಇಬ್ಬರೂ ಒಂದೇ ಕಡೆ ಕತ್ತೆತ್ತಿ ಕಡಲ ಮೇಲೆ ಸಣ್ಣಗಾಗುವ ಹದ್ದನ್ನು ನೋಡುತ್ತ ಉಳಿಯುತ್ತಾರೆ (96 ಫ್ರೇಮ್).

ದಿಕ್ಕು ತಿರುಗುವ ಜಾಗ

ಮೇಲಿನ ಪಟ್ಟಿಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಶಾಟ್ 70. ಕರಡು ಸ್ಟೋರಿಬೋರ್ಡಿನಲ್ಲಿ ಈ ಶಾಟ್ ಇರಲಿಲ್ಲ ಎಂದು ಭಾವಿಸಿದರೆ, ಬಲಕ್ಕೆ ಓಡುತ್ತಿದ್ದ ಬೆಕ್ಕು ಮುಂದಿನ ಶಾಟ್‌ನಲ್ಲಿ ಎಡಕ್ಕೆ ಓಡುವುದು ಕಾಣುತ್ತದೆ. ನಕ್ಷೆಯ ಪ್ರಕಾರ ಅದು ತಿರುವು ದಾಟಿದ್ದರೂ, ನೋಡುಗ ಬೆಕ್ಕು ಹಿಂದಿರುಗಿ ಹುಡುಗನ ಕಡೆಗೇ ಓಡಿಬಂತು ಎಂದುಕೊಳ್ಳುತ್ತಾನೆ. ಕ್ಯಾಮೆರಾಗೆ ನೇರ ಎದುರಾಗಿ ಬರುವ ಅಥವಾ ಅದಕ್ಕೆ ಬೆನ್ನು ಹಾಕಿ ಹೋಗುವ ಓಟಕ್ಕೆ ತೆರೆಯ ಮೇಲೆ ಎಡ ಬಲಗಳ ದಿಕ್ಕೇ ಇರುವುದಿಲ್ಲ, ಹಾಗಾಗಿ ಅಂಥ ಶಾಟ್ ಒಂದನ್ನು ನಡುವೆ ಇಟ್ಟರೆ ಹಳೆಯ ದಿಕ್ಕು ಅಳಿಸಿ ಹೊಸ ದಿಕ್ಕು ಹುಟ್ಟಲು ಅವಕಾಶವಾಗುತ್ತದೆ. ಪಾತ್ರ ಎಡ ಅಂಚಿನಿಂದ ಹೊರಗೆ ಹೋದರೆ ಮುಂದಿನ ಶಾಟ್‌ಗೆ ಬಲ ಅಂಚಿನಿಂದಲೇ ಒಳಬರಬೇಕು ಎಂಬ ನಿಯಮವನ್ನು ಸ್ಟೋರಿಬೋರ್ಡ್ ಚೌಕದ ಅಂಚಿಗೆ ತಾಗಿಸಿ ಎಳೆದ ಬಾಣದಿಂದ ಸೂಚಿಸುತ್ತಾರೆ.

ಬಾಣಗಳ ಬಳಕೆಯಲ್ಲೂ ಒಂದು ಶಿಸ್ತಿದೆ. ಪಾತ್ರದ ಚಲನೆಯ ಬಾಣವನ್ನು ಚಿತ್ರದ ಒಳಗೆ ಪಾತ್ರಕ್ಕೆ ಹತ್ತಿರವಾಗಿ ಎಳೆಯುತ್ತಾರೆ. ಕ್ಯಾಮೆರಾದ ಚಲನೆಗೆ, ಮಾಮೂಲಿ ಚೌಕಕ್ಕಿಂತ ದೊಡ್ಡ ಚಿತ್ರವೊಂದರೊಳಗೆ ಕ್ಯಾಮೆರಾ ಆರಂಭದಲ್ಲಿ ನೋಡುವ ಚೌಕಕ್ಕೆ 'ಎ' ಎಂದೂ ಕೊನೆಗೆ ನೋಡುವ ಚೌಕಕ್ಕೆ 'ಬಿ' ಎಂದೂ ಗುರುತು ಹಾಕಿ, ಎರಡರ ಮೂಲೆಗಳನ್ನು ಬಾಣಗಳಿಂದ ಜೋಡಿಸುತ್ತಾರೆ. ಇವೆರಡನ್ನು ಬೆರೆಸಿದ ಬೋರ್ಡು ಮುಂದಿನ ಕೆಲಸಗಾರನನ್ನು ಪೂರಾ ದಾರಿ ತಪ್ಪಿಸಬಲ್ಲದು, ಏಕೆಂದರೆ ಬಲಕ್ಕೆ ತೋರುವ ಒಂದೇ ಬಾಣ ಬೆಕ್ಕು ಬಲಕ್ಕೆ ಓಡುತ್ತದೆ ಎಂದೂ ಆಗಬಹುದು, ಕ್ಯಾಮೆರಾ ಬಲಕ್ಕೆ ಸರಿಯುವುದರಿಂದ ನಿಂತ ಬೆಕ್ಕು ಎಡಕ್ಕೆ ಜಾರುತ್ತದೆ ಎಂದೂ ಆಗಬಹುದು.

ಶಾಟ್ 100 ಮತ್ತು 110ರಂತಹ ಅರ್ಧ ಸೆಕೆಂಡಿನ ತುಣುಕುಗಳಲ್ಲಿ ಬೇರೊಂದು ತೊಡಕು ಎದುರಾಗುತ್ತದೆ. ತೆರೆಯ ಯಾವ ಭಾಗವನ್ನು ನೋಡಬೇಕು ಎಂದು ಕಣ್ಣು ಹುಡುಕಿಕೊಳ್ಳಲು ಕೆಲವು ಫ್ರೇಮ್‌ಗಳು ಖರ್ಚಾಗುತ್ತವೆ. ಬೆಕ್ಕಿನ ಪಾದಗಳನ್ನು ತೆರೆಯ ಬಲ ಮೂಲೆಯಲ್ಲೂ ಹುಡುಗನ ಕಾಲನ್ನು ಎಡ ಮೂಲೆಯಲ್ಲೂ ಬಿಡಿಸಿದರೆ, ಕಣ್ಣು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಎರಡನೆಯ ಶಾಟ್ ಮುಗಿದಿರುತ್ತದೆ, ನೋಡುಗನಿಗೆ ಏನೋ ಮಿಂಚಿತು ಎಂಬುದಷ್ಟೇ ಉಳಿಯುತ್ತದೆ. ಶಾಟ್ 90ರ ಕೊನೆಯಲ್ಲಿ ಬಾಲದ ತುದಿ ಎಲ್ಲಿತ್ತೋ ಅಲ್ಲಿಯೇ ಪಾದಗಳು, ಪಾದಗಳು ಇದ್ದಲ್ಲಿಯೇ ಬರಿಗಾಲು ಬರುವಂತೆ ಬಿಡಿಸಿದರೆ 12 ಫ್ರೇಮ್ ಸಾಕು. ಸ್ಟೋರಿಬೋರ್ಡಿನ ಮೂರೂ ಚೌಕಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ಅಥವಾ ಗಣಕದಲ್ಲಿ ಮೂರನ್ನೂ ಅರೆಪಾರದರ್ಶಕವಾಗಿ ಹೇರಿದರೆ, ಇದು ಸರಿಯಾಗಿದೆಯೇ ಎಂಬುದು ಒಡನೆ ಗೊತ್ತಾಗುತ್ತದೆ.

ಹದ್ದಿನ ನೆರಳಿನ ವಿಷಯವೂ ಕಣ್ಣಿನ ನಡೆಗೆ ಸೇರಿದ್ದೇ. ಮುಕ್ತಾಯದಲ್ಲಿ ಹದ್ದು ಎಲ್ಲಿಂದಲೋ ಉದುರಿದಂತೆ ಆಗಬಾರದು, ಮೊದಲೇ ಊಹಿಸಿಬಿಡುವಷ್ಟು ಎದ್ದೂ ಕಾಣಬಾರದು. ಶಾಟ್ 10ರಲ್ಲಿ ನೆರಳು ಹಾಯುವ ಮಾಡುಗಳ ಬಳಿ ಬೇರಾವ ಚಲನೆಯೂ ಇಲ್ಲದಂತೆ, ಶಾಟ್ 80ರಲ್ಲಿ ಅದು ಬಿಳಿಯ ಗೋಡೆಯ ಮೇಲೆ ಬೀಳುವಂತೆ ಯೋಜಿಸಿರುವುದು ಈ ಕಾರಣಕ್ಕೆ. ಹುಡುಗನಾಗಲೀ ಬೆಕ್ಕಾಗಲೀ ಎರಡು ಸಲವೂ ಅದನ್ನು ನೋಡುವುದಿಲ್ಲ, ನೋಡುಗನೊಬ್ಬನೇ ನೋಡುತ್ತಾನೆ.

ಚಿತ್ರಗಳ ಲೆಕ್ಕ

ಶಾಟ್‌ನ ಅವಧಿಗೂ ಅದು ಬೇಡುವ ದುಡಿಮೆಗೂ ನೇರ ಸಂಬಂಧವಿಲ್ಲ ಎಂಬುದು ಬೆನ್ನಟ್ಟುವ ದೃಶ್ಯದಲ್ಲಿ ಬಹಳ ಸ್ಪಷ್ಟವಾಗಿ ಕಾಣುವ ಸಂಗತಿ, ಪಟ್ಟಿ ಮಾಡುವವನು ಮೊದಲೇ ಅರಿತಿರಬೇಕಾದದ್ದೂ ಹೌದು. ಶಾಟ್ 40ರಲ್ಲಿ ಪಕ್ಕದಿಂದ ಕಾಣುವ ಓಟ 4 ಸೆಕೆಂಡು ನಡೆಯುತ್ತದೆ. ಒಂದು ಸುತ್ತು ಮುಗಿದೊಡನೆ ಮೊದಲ ಚಿತ್ರಕ್ಕೆ ಮರಳುವ ಚಿತ್ರಸರಣಿಗೆ ಓಟದ ಸೈಕಲ್ ಎನ್ನುತ್ತಾರೆ. ಬೆಕ್ಕಿನ ನಾಗಾಲೋಟಕ್ಕೆ 8 ಚಿತ್ರ, ಹುಡುಗನ ಎರಡು ಹೆಜ್ಜೆಗೆ 12 ಚಿತ್ರ ಎಂದಿಟ್ಟುಕೊಂಡರೆ ಕೇವಲ 20 ಚಿತ್ರಗಳನ್ನು ಮತ್ತೆ ಮತ್ತೆ ತಿರುಗಿಸಿ 96 ಫ್ರೇಮ್‌ಗಳನ್ನು ತುಂಬಬಹುದು. ಪಾತ್ರಗಳು ತೆರೆಯ ನಡುವೆಯೇ ಇದ್ದು ಹಿನ್ನೆಲೆಯ ಚಿತ್ರ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ಪ್ಯಾನ್ ಹಿನ್ನೆಲೆ ಎಂದು ಹೆಸರು. ಇದಕ್ಕೆ ಹೋಲಿಸಿದರೆ ಅದರ ಅರ್ಧದಷ್ಟೇ ಉದ್ದದ ಶಾಟ್ 70ರಲ್ಲಿ ಪಾತ್ರಗಳು ದೂರದಿಂದ ಕ್ಯಾಮೆರಾದತ್ತ ಬರುವುದರಿಂದ ಪ್ರತಿ ಚಿತ್ರದಲ್ಲೂ ಗಾತ್ರ ಬದಲಾಗುತ್ತದೆ, ಸೈಕಲ್ ಉಪಯೋಗಕ್ಕೆ ಬಾರದು. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಪಾತ್ರಕ್ಕೆ 24ರಂತೆ 48 ಹೊಸ ಚಿತ್ರಗಳು ಬೇಕು. ಹೀಗಿರುವಾಗ ಎದುರಿನಿಂದ ಬರುವ ಓಟವನ್ನು ದಿಕ್ಕು ತಿರುಗುವಂಥ ಅಗತ್ಯದ ಜಾಗಕ್ಕೆ ಮಾತ್ರ ಮೀಸಲಿಡುವುದು ವಿವೇಕ. ಬರೀ ಪಕ್ಕದ ಓಟಗಳಿಂದಲೇ ದೃಶ್ಯ ತುಂಬಿದರೆ ಅಗ್ಗವಾಗುತ್ತದೆ, ಆದರೆ ಚಪ್ಪಟೆಯಾಗುತ್ತದೆ.

ಪ್ಯಾನ್ ಹಿನ್ನೆಲೆಯ ಉದ್ದವನ್ನೂ ಶಾಟ್ ಪಟ್ಟಿಯ ಹಂತದಲ್ಲೇ ಲೆಕ್ಕ ಹಾಕಬಹುದು. ತೆರೆಯ ಅಗಲ 1920 ಪಿಕ್ಸೆಲ್, ಹಿನ್ನೆಲೆ ಫ್ರೇಮ್‌ಗೆ 40 ಪಿಕ್ಸೆಲ್‌ನಂತೆ ಸರಿಯುತ್ತದೆ ಎಂದಾದರೆ 96 ಫ್ರೇಮ್‌ಗೆ 3840 ಪಿಕ್ಸೆಲ್ ಸರಿಯುತ್ತದೆ. ಆರಂಭದ ತೆರೆಯ ಅಗಲವನ್ನೂ ಕೂಡಿದರೆ 5760 ಪಿಕ್ಸೆಲ್, ಅಂದರೆ ಮೂರು ತೆರೆಗಳಷ್ಟು ಉದ್ದದ ಅಂಗಡಿ ಸಾಲು ಬಿಡಿಸಬೇಕು. ವೇಗ ಹೊಂದುತ್ತದೆಯೇ ಎಂದು ನೋಡಲು ಪಾತ್ರದ ಹೆಜ್ಜೆಯನ್ನು ಅಳೆಯಬೇಕು. ಹುಡುಗನ ಒಂದು ಹೆಜ್ಜೆಗೆ 6 ಫ್ರೇಮ್ ಹಿಡಿಯುವುದರಿಂದ ಆ ಹೊತ್ತಿಗೆ ನೆಲ 240 ಪಿಕ್ಸೆಲ್ ಸರಿದಿರುತ್ತದೆ. ತೆರೆಯ ಮೇಲೆ ಅವನ ಎತ್ತರ 300 ಪಿಕ್ಸೆಲ್ ಇದ್ದರೆ ಒಂದು ಹೆಜ್ಜೆ ಅವನ ಎತ್ತರದ ಐದನೇ ನಾಲ್ಕರಷ್ಟು ಉದ್ದವಾಯಿತು, ಜೋರಾಗಿ ಓಡುವ ಹುಡುಗನಿಗೆ ಇದು ಒಪ್ಪುವ ಅಳತೆ. ಇದೇ ಹಿನ್ನೆಲೆಯನ್ನು ಫ್ರೇಮ್‌ಗೆ 80 ಪಿಕ್ಸೆಲ್ ಎಳೆದರೆ ವೇಗ ಹೆಚ್ಚುವ ಬದಲು, ಹುಡುಗ ಮಂಜಿನ ಮೇಲೆ ಜಾರುತ್ತಿರುವಂತೆ ಕಾಣುತ್ತಾನೆ.

ಪಾದ ಜಾರುವ ದೋಷ ಇನ್ನೊಂದು ಕಾರಣದಿಂದಲೂ ಬರುತ್ತದೆ. ಹಿನ್ನೆಲೆ ಪ್ರತಿ ಫ್ರೇಮ್‌ಗೂ ಸರಿಯುತ್ತಿರುವಾಗ ಪಾತ್ರದ ಚಿತ್ರ ಎರಡೆರಡು ಫ್ರೇಮ್ ನಿಂತರೆ, ನೆಲಕ್ಕೆ ಊರಿದ ಪಾದ ಒಂದು ಫ್ರೇಮ್ ಸುಮ್ಮನಿದ್ದು ಇನ್ನೊಂದರಲ್ಲಿ ಒಮ್ಮೆಲೇ ಹಿಂದಕ್ಕೆ ನೆಗೆಯುತ್ತದೆ. ಸಣ್ಣ ನಡುಕವೊಂದು ಓಟದುದ್ದಕ್ಕೂ ಉಳಿದುಬಿಡುತ್ತದೆ. ಹಾಗಾಗಿ ಇಂಥ ಶಾಟ್‌ನ ಸೈಕಲ್‌ನ್ನು ಫ್ರೇಮ್‌ಗೊಂದು ಚಿತ್ರದಂತೆಯೇ ಬಿಡಿಸಬೇಕು ಎಂಬ ಸೂಚನೆ ಪಟ್ಟಿಯಲ್ಲಿ ಇರಬೇಕು. ಹಿನ್ನೆಲೆಯಲ್ಲಿ ಬಿದಿರಿನ ಬೇಲಿಯಂತೆ ಸಮ ಅಂತರದಲ್ಲಿ ನಿಂತ ಗೂಟಗಳಿದ್ದರೂ ಎಚ್ಚರ ಬೇಕು. ಗೂಟಗಳ ನಡುವೆ 40 ಪಿಕ್ಸೆಲ್ ಅಂತರವಿದ್ದು ಹಿನ್ನೆಲೆ ಫ್ರೇಮ್‌ಗೆ 40 ಪಿಕ್ಸೆಲ್ಲೇ ಸರಿದರೆ, ಪ್ರತಿ ಫ್ರೇಮ್‌ನಲ್ಲೂ ಒಂದು ಗೂಟದ ಜಾಗಕ್ಕೆ ಮತ್ತೊಂದು ಬಂದು ನಿಲ್ಲುವುದರಿಂದ ಬೇಲಿ ಅಲುಗದೆ ನಿಂತಂತೆ ತೋರುತ್ತದೆ. ಅಂತರ 45 ಇದ್ದರೆ ಬೇಲಿ ವಿರುದ್ಧ ದಿಕ್ಕಿಗೆ ಮೆಲ್ಲಗೆ ತೆವಳುವಂತೆ ಕಾಣುತ್ತದೆ. ಅಂಗಡಿ ಸಾಲಿನ ಗಳುಗಳನ್ನು ದೂರದೂರ, ಅಸಮವಾಗಿ ನಿಲ್ಲಿಸುವುದು ಇದಕ್ಕೆ ಸರಳ ಪರಿಹಾರ.

ಅನಿಮ್ಯಾಟಿಕ್ ಮತ್ತು ಪರೀಕ್ಷೆ

ಹಲಗೆಯ ಮೇಲೆ ಚೆನ್ನಾಗಿ ಓದಿಸಿಕೊಳ್ಳುವ ಸ್ಟೋರಿಬೋರ್ಡ್ ಕಾಲದಲ್ಲಿ ಓಡಿದಾಗ ಎಡವುವುದು ಸಾಮಾನ್ಯ, ಏಕೆಂದರೆ ಕಾಗದದ ಮೇಲಿನ ಚೌಕವನ್ನು ಓದುಗ ತನಗೆ ಬೇಕಾದಷ್ಟು ಹೊತ್ತು ನೋಡುತ್ತಾನೆ. ಚೌಕಗಳನ್ನು ಚಿತ್ರಸುರುಳಿಗೆ ಇಳಿಸಿ ಓಡಿಸಿ ನೋಡುವ ಅಭ್ಯಾಸ ಡಿಸ್ನಿಯಲ್ಲಿ ಲೈಕಾ ರೀಲ್ ಎಂಬ ಹೆಸರಿನಲ್ಲಿ ಬಹಳ ಹಿಂದೆಯೇ ಇತ್ತು. ಇಂದು ಸ್ಟೋರಿಬೋರ್ಡ್ ಪ್ರೊ, ಕೃತಾ, ಬ್ಲೆಂಡರ್‌ನಂತಹ ತಂತ್ರಾಂಶಗಳಲ್ಲಿ, ಅಥವಾ ಯಾವುದೇ ಸಂಕಲನ ತಂತ್ರಾಂಶದಲ್ಲಿ ಇದನ್ನು ಮಾಡಿಕೊಳ್ಳಬಹುದು. ಮಾತಿಲ್ಲದ ಬೆನ್ನಟ್ಟುವ ದೃಶ್ಯದ ಅನಿಮ್ಯಾಟಿಕ್‌ನ್ನು ಮೊದಲು ಸಂಗೀತವಿಲ್ಲದೆ ನೋಡುವುದು ಒಳ್ಳೆಯದು. ಬಿರುಸಾದ ತಾಳವೊಂದು ಹಿಂದೆ ಮೊಳಗುತ್ತಿದ್ದರೆ ಅಂತರ ಬದಲಾಗದ ಶಾಟ್‌ಗಳೂ ಸಾಗುತ್ತಿರುವಂತೆ ಭಾಸವಾಗಿ ದೋಷ ಮುಚ್ಚಿಹೋಗುತ್ತದೆ.

ದೋಷಗಳನ್ನು ಕಂಡುಕೊಳ್ಳಲು ಉತ್ತಮ ಪರೀಕ್ಷೆಯೆಂದರೆ ಕಥೆ ತಿಳಿಯದ ಒಬ್ಬರಿಗೆ ಅನಿಮ್ಯಾಟಿಕ್‌ನ್ನು ಒಂದೇ ಸಲ ತೋರಿಸಿ, ಬೆಕ್ಕು ಓಡಿದ ಹಾದಿಯನ್ನು ಕಾಗದದ ಮೇಲೆ ಎಳೆಯಲು ಹೇಳುವುದು. 'ಅರ್ಥವಾಯಿತೇ' ಎಂದು ಕೇಳಿದರೆ ಬಹುತೇಕರು ಹೌದು ಎನ್ನುತ್ತಾರೆ. ಎಳೆದ ಗೆರೆ ಸುಳ್ಳು ಹೇಳುವುದಿಲ್ಲ. ಗೆರೆ ಊರಿನತ್ತ ಹೋಗಿ ತಿರುಗಿ ಕಡಲಿಗೆ ಬಂದಿದ್ದರೆ ಶಾಟ್ 10 ಮತ್ತು 70 ತಮ್ಮ ಕೆಲಸ ಮಾಡಿವೆ. ಗೆರೆ ಬಂದ ದಾರಿಯಲ್ಲೇ ಹಿಂದಿರುಗಿದ್ದರೆ ತಿರುವು ಕಂಡಿಲ್ಲ ಎಂದರ್ಥ, ಆಗ ಶಾಟ್ 70ಕ್ಕೆ ಇನ್ನಷ್ಟು ಫ್ರೇಮ್ ಕೊಡಬೇಕು ಇಲ್ಲವೇ ಓಣಿಯ ತಿರುವನ್ನು ಚಿತ್ರದಲ್ಲಿ ಎದ್ದು ಕಾಣಿಸಬೇಕು. ಕಡಲು ಎಲ್ಲಿಂದ ಬಂತೆಂದೇ ಅವರಿಗೆ ತಿಳಿಯದಿದ್ದರೆ ದೋಷ ಶಾಟ್ 10ರದ್ದು. ಹದ್ದನ್ನು ಯಾವಾಗ ಮೊದಲು ಗಮನಿಸಿದಿರಿ ಎಂಬ ಪ್ರಶ್ನೆಯನ್ನು ಕೊನೆಯಲ್ಲಿ, ಬೇರೆಲ್ಲ ಮುಗಿದ ಮೇಲೆ ಕೇಳಬೇಕು.

ಅನಿಮ್ಯಾಟಿಕ್‌ಗೂ ಮಿತಿಗಳಿವೆ. ನಿಂತ ಚೌಕವೊಂದನ್ನು ಗ್ರಹಿಸಲು ಕಣ್ಣಿಗೆ ಬೇಕಾಗುವ ಹೊತ್ತೂ ಪೂರ್ತಿ ಚಲಿಸುವ ಶಾಟ್‌ಗೆ ಬೇಕಾಗುವ ಹೊತ್ತೂ ಒಂದೇ ಅಲ್ಲ. ಚೌಕಗಳಲ್ಲಿ ಎಳೆದಾಡಿದಂತೆ ತೋರಿದ ಶಾಟ್ 120 ಪೂರ್ಣ ಅನಿಮೇಷನ್‌ನಲ್ಲಿ ಸರಿಹೋಗಬಹುದು. ಜಾರುವ ಹುಡುಗನ ಮೈಭಾರ, ನೆಗೆಯುವ ಮೊದಲು ಬೆಕ್ಕು ಮೈ ಕುಗ್ಗಿಸುವ ಬಗೆ ಇವು ಸ್ಟೋರಿಬೋರ್ಡಿಗೆ ಸಿಕ್ಕುವಂಥವಲ್ಲ, ಅವನ್ನು ಅನಿಮೇಟರ್‌ಗೆ ಬಿಟ್ಟುಕೊಡಬೇಕು. ಆದ್ದರಿಂದ ಕ್ರಿಯೆ ಹೆಚ್ಚಿರುವ ಶಾಟ್‌ಗಳಿಗೆ ಒಂದೆರಡು ಚೌಕಗಳ ಬದಲು ನಾಲ್ಕೈದು ಚೌಕ ಬಿಡಿಸುವುದೂ, ತಲೆ ಮತ್ತು ಬಾಲದಲ್ಲಿ ಕೆಲವು ಫ್ರೇಮ್‌ಗಳನ್ನು ಹೆಚ್ಚಾಗಿ ಅನಿಮೇಟ್ ಮಾಡಿ ಕಟ್‌ನ್ನು ತುಸು ಆಚೀಚೆ ಸರಿಸಲು ಎಡೆ ಉಳಿಸಿಕೊಳ್ಳುವುದೂ ವಾಡಿಕೆಯಲ್ಲಿದೆ. ಹೀಗೆ ಹೆಚ್ಚಾಗಿ ಬಿಡಿಸುವ ಫ್ರೇಮ್‌ಗಳಿಗೆ ಹ್ಯಾಂಡಲ್ ಎನ್ನುತ್ತಾರೆ.

ನಿರ್ದೇಶಕ ಅನಿಮ್ಯಾಟಿಕ್‌ಗೆ ಒಪ್ಪಿಗೆ ಕೊಟ್ಟ ಮೇಲೆ ದೃಶ್ಯ 'ಲಾಕ್' ಆಯಿತು ಎನ್ನುತ್ತಾರೆ; ಪ್ರತಿ ಶಾಟ್‌ನ ಫ್ರೇಮ್ ಸಂಖ್ಯೆಯನ್ನು ಪಟ್ಟಿಯಲ್ಲಿ ತಿದ್ದಿ ಬರೆದು, ಸ್ಟೋರಿಬೋರ್ಡಿನ ಚೌಕಗಳೊಂದಿಗೆ ಲೇಔಟ್ ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಒಂದು ಶಾಟ್ ಕೈಬಿಟ್ಟರೆ ಪಟ್ಟಿಯಲ್ಲಿ ಅದರ ಎದುರು ರದ್ದು ಎಂದು ಬರೆಯಬೇಕೇ ಹೊರತು ಅದರ ಸಂಖ್ಯೆಯನ್ನು ಬೇರೆ ಶಾಟ್‌ಗೆ ಕೊಡಬಾರದು, ಏಕೆಂದರೆ ಹಿನ್ನೆಲೆ, ಚಿತ್ರ, ಧ್ವನಿಯ ಕಡತಗಳೆಲ್ಲ ಆ ಹೊತ್ತಿಗಾಗಲೇ ಆ ಸಂಖ್ಯೆಯ ಹೆಸರಿನಲ್ಲೇ ಇರುತ್ತವೆ.